ಒಂದೇ ತೂಕದ ಕೆಲಸಕ್ಕೆ ಒಂದೇ ಮಟ್ಟದ ಪಗಾರ: ಸಣ್ಣ ಕಾರ್ಖಾನೆಯಲ್ಲಿ ಗ್ರೇಡ್ ಮತ್ತು ಬ್ಯಾಂಡ್ ಕಟ್ಟುವ ಬಗೆ

ಪುಣೆಯ ಭೋಸರಿ ಎಂಐಡಿಸಿಯಲ್ಲಿ ಐವತ್ತು, ಅರವತ್ತು ಜನ ಇರುವ ಮಷಿನಿಂಗ್ ಕಾರ್ಖಾನೆಗಳು ಸಾಲುಸಾಲಾಗಿವೆ. ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿ ಕಡೆಯವರು ಇಲ್ಲಿ ಆಪರೇಟರ್‌ನಿಂದ ಹಿಡಿದು ಮಾಲೀಕರವರೆಗೆ ಎಲ್ಲ ಜಾಗದಲ್ಲೂ ಇದ್ದಾರೆ. ಇಂಥ ಕಡೆ ಸಂಬಳ ನಿಗದಿಯಾಗುವುದು ಹೀಗೆ: ಸೇರುವ ದಿನ ಯಾರು ಎಷ್ಟು ಕೇಳಿದರು, ಯಾರು ಕರೆತಂದರು, ಆ ತಿಂಗಳು ಜನ ಎಷ್ಟು ಬೇಕಾಗಿತ್ತು. ಹತ್ತು ವರ್ಷ ಹೀಗೇ ನಡೆದರೆ ಸ್ಟೋರ್ ಕೀಪರ್‌ಗೂ ಅಕೌಂಟ್ಸ್ ಅಸಿಸ್ಟೆಂಟ್‌ಗೂ ಐದು ಸಾವಿರ ಅಂತರ ಬಿದ್ದಿರುತ್ತದೆ. ಏಕೆ ಎಂದು ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ.

ಇದನ್ನು ಸರಿಮಾಡಲು ಹಳೆಯ, ಗಟ್ಟಿಯಾದ ಒಂದು ದಾರಿ ಇದೆ. ಪ್ರತಿ ಕೆಲಸಕ್ಕೂ ಅಂಕ ಕೊಡುವುದು, ಹತ್ತಿರದ ಅಂಕದವನ್ನು ಒಂದು ಗ್ರೇಡ್‌ಗೆ ಸೇರಿಸುವುದು, ಪ್ರತಿ ಗ್ರೇಡ್‌ಗೂ ಕನಿಷ್ಠ ಮತ್ತು ಗರಿಷ್ಠ ಸಂಬಳದ ಒಂದು ಬ್ಯಾಂಡ್ ಹಾಕುವುದು. ದೊಡ್ಡ ಕಂಪನಿಗಳು ಇದಕ್ಕೆ ಸಲಹೆಗಾರರನ್ನು ಕರೆಸುತ್ತವೆ. ಅರವತ್ತು ಜನರ ಕಾರ್ಖಾನೆಗೆ ಒಂದು ಸ್ಪ್ರೆಡ್‌ಶೀಟ್ ಮತ್ತು ಪ್ರಾಮಾಣಿಕವಾಗಿ ಕೂತು ಮಾತಾಡುವ ಐದು ಜನ ಸಾಕು.

ಲೆಕ್ಕ ಹಿಡಿಯಲು ಸುಲಭವಾಗಲಿ ಎಂದು ಭೋಸರಿಯಲ್ಲಿ ಅಂಥದೊಂದು ಕಾರ್ಖಾನೆ ಇದೆ ಎಂದುಕೊಳ್ಳೋಣ. 60 ಜನ, 12 ಬಗೆಯ ಕೆಲಸ, ತಿಂಗಳಿಗೆ ಒಟ್ಟು ಸುಮಾರು 15 ಲಕ್ಷ ಸಂಬಳ. ಮುಂದೆ ಬರುವ ಅಂಕಿಗಳೆಲ್ಲ ಈ ಉದಾಹರಣೆಯವು, ಮಾರುಕಟ್ಟೆ ದರ ಎಂದು ತಿಳಿಯಬೇಡಿ.

## ಮೊದಲು ಕೆಲಸವನ್ನು ಬರೆದಿಡಿ

ಹುದ್ದೆಯ ಹೆಸರನ್ನು ನಂಬಬೇಡಿ. "ಹೆಲ್ಪರ್" ಎಂದು ಹಾಜರಿ ಪುಸ್ತಕದಲ್ಲಿ ಇರುವವರು ಮೂರು ವರ್ಷದಿಂದ ಮೈಕ್ರೋಮೀಟರ್ ಹಿಡಿದು ತಪಾಸಣೆ ಮಾಡುತ್ತಿರಬಹುದು. "ಆಪರೇಟರ್" ಎನಿಸಿಕೊಂಡವರು ಹೊಸ ಕೆಲಸಕ್ಕೆ ಯಂತ್ರವನ್ನು ಹೊಂದಿಸುವ ಸೆಟ್ಟಿಂಗ್ ಕೂಡ ಮಾಡುತ್ತಿರಬಹುದು. ಆದ್ದರಿಂದ ಪ್ರತಿ ಕೆಲಸ ಮಾಡುವವರ ಹತ್ತಿರ ಹೋಗಿ ಅರ್ಧ ಗಂಟೆ ನಿಂತು ನೋಡಿ, ಮಾತಾಡಿಸಿ. ನಾಲ್ಕು ಪ್ರಶ್ನೆ ಸಾಕು. ಈ ಕೆಲಸಕ್ಕೆ ಹೊಸಬರು ಬಂದರೆ ಒಬ್ಬರೇ ಮಾಡುವಂತಾಗಲು ಎಷ್ಟು ತಿಂಗಳು ಬೇಕು? ನೀವು ತಪ್ಪಿದರೆ ಏನು ನಷ್ಟ, ಅದು ಯಾರ ಕಣ್ಣಿಗೆ ಯಾವಾಗ ಬೀಳುತ್ತದೆ? ಶಿಫ್ಟ್ ಮುಗಿಯುವ ಹೊತ್ತಿಗೆ ಮೈಯಲ್ಲಿ ಏನು ದಣಿದಿರುತ್ತದೆ? ಯಾರನ್ನೂ ಕೇಳದೆ ನೀವೇ ತೀರ್ಮಾನ ಮಾಡುವುದು ಏನೇನು?

ಉತ್ತರಗಳನ್ನು ಒಂದು ಪುಟಕ್ಕೆ ಇಳಿಸಿ, ಆ ಕೆಲಸ ಮಾಡುವವರಿಗೇ ಓದಿ ಹೇಳಿ, "ಹೌದು, ಇದೇ" ಎಂದ ಮೇಲೆ ಮುಂದೆ ಹೋಗಿ. ಮರಾಠಿ, ಹಿಂದಿ, ಕನ್ನಡ, ಅವರಿಗೆ ಯಾವುದು ಸಲೀಸೋ ಅದರಲ್ಲಿ ಓದಿ. ಬರೆಯುವಾಗ ಆ ಕುರ್ಚಿಯಲ್ಲಿ ಈಗ ಕೂತವರನ್ನು ಮರೆಯಬೇಕು. ಸ್ಟೋರ್ ಕೀಪರ್ ಬಿ.ಕಾಂ. ಓದಿದ್ದಾರೆ ಎಂಬುದು ಅವರ ಗುಣ. ಸ್ಟೋರಿನ ಕೆಲಸಕ್ಕೆ ಬಿ.ಕಾಂ. ಬೇಕಿಲ್ಲದಿದ್ದರೆ ಅದು ಪುಟದಲ್ಲಿ ಬರಬಾರದು.

ಈ ಹಂತಕ್ಕೆ ಎರಡು ವಾರ ಹಿಡಿಯುತ್ತದೆ. ಇಲ್ಲಿ ಅವಸರ ಮಾಡಿದರೆ ಮುಂದಿನ ಲೆಕ್ಕವೆಲ್ಲ ಬರೀ ಹೆಸರುಗಳ ಮೇಲೆ ನಿಲ್ಲುತ್ತದೆ.

## ಯಾವುದಕ್ಕೆ ಅಂಕ, ಎಷ್ಟು ಅಂಕ

2019ರ ವೇತನ ಸಂಹಿತೆ ಲಿಂಗದ ಆಧಾರದ ಮೇಲೆ ಸಂಬಳದಲ್ಲಿ ಭೇದ ಮಾಡುವುದನ್ನು ನಿಷೇಧಿಸುತ್ತದೆ. 1976ರ ಸಮಾನ ವೇತನ ಕಾಯ್ದೆ ಇದರೊಳಗೆ ಸೇರಿಹೋಗಿದೆ, ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಎರಡು ಕೆಲಸ ಒಂದೇ ಬಗೆಯವೇ ಎಂದು ನೋಡಲು ಅದು ಕೊಡುವ ಅಳತೆಗಳು ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಮತ್ತು ಕೆಲಸದ ಪರಿಸರ. ನಮ್ಮ ಅಂಕಪಟ್ಟಿಯನ್ನೂ ಇದರ ಮೇಲೇ ಕಟ್ಟುವುದು ಜಾಣತನ. ಮುಂದೆ ಯಾರಾದರೂ ಪ್ರಶ್ನೆ ಮಾಡಿದರೆ ಕಾನೂನಿನ ಅಳತೆಯಲ್ಲೇ ಉತ್ತರ ಕೊಡಬಹುದು.

ಒಟ್ಟು 500 ಅಂಕ ಇಟ್ಟುಕೊಳ್ಳೋಣ. ಕೌಶಲ ಮತ್ತು ಅನುಭವ ಸೇರಿ 200, ಜವಾಬ್ದಾರಿಗೆ 175, ಶ್ರಮಕ್ಕೆ 75, ಪರಿಸರಕ್ಕೆ 50. ಪ್ರತಿಯೊಂದಕ್ಕೂ ಐದು ಮೆಟ್ಟಿಲು. ಅಂದರೆ ಕೌಶಲದಲ್ಲಿ ಒಂದು ಮೆಟ್ಟಿಲಿಗೆ 40, ಜವಾಬ್ದಾರಿಯಲ್ಲಿ 35, ಶ್ರಮದಲ್ಲಿ 15, ಪರಿಸರದಲ್ಲಿ 10.

ಮೆಟ್ಟಿಲುಗಳನ್ನು ಮಾತಿನಲ್ಲಿ ಬರೆಯುವುದೇ ಇಲ್ಲಿನ ನಿಜವಾದ ಕೆಲಸ. "ಕಡಿಮೆ, ಮಧ್ಯಮ, ಹೆಚ್ಚು" ಎಂದು ಬರೆದರೆ ಏನೂ ಉಪಯೋಗವಿಲ್ಲ, ಪ್ರತಿಯೊಬ್ಬರೂ ತಮಗೆ ಬೇಕಾದಂತೆ ಓದಿಕೊಳ್ಳುತ್ತಾರೆ. ಕೌಶಲದ ಎರಡನೇ ಮೆಟ್ಟಿಲು ಹೀಗಿರಲಿ: "ಮೂರರಿಂದ ಆರು ತಿಂಗಳಲ್ಲಿ ಕಲಿಯಬಹುದು, ಡ್ರಾಯಿಂಗ್ ಅಥವಾ ರಿಜಿಸ್ಟರ್ ಓದಿ ಸರಳವಾದ ಅಳತೆ, ದಾಖಲೆ ಮಾಡಬೇಕು." ಮೂರನೆಯದು: "ಐಟಿಐ ಅಥವಾ ಪದವಿ ಮಟ್ಟದ ತಿಳಿವಳಿಕೆ ಬೇಕು, ಒಬ್ಬರೇ ನಿಭಾಯಿಸಲು ಒಂದರಿಂದ ಎರಡು ವರ್ಷ." ಜವಾಬ್ದಾರಿಯ ಮೂರನೆಯದು: "ತಪ್ಪಾದರೆ ಗ್ರಾಹಕರ ತನಕ ಹೋಗಬಹುದು ಅಥವಾ ಹಣ, ಮಾಲು ಕಳೆಯಬಹುದು, ಆಮೇಲೆ ತಿದ್ದುವವರು ಬೇರೆ ಯಾರೂ ಇಲ್ಲ."

ಶ್ರಮದ ವಿಷಯದಲ್ಲಿ ತುಂಬ ಎಚ್ಚರ ಬೇಕು. ಬಹಳ ಕಾರ್ಖಾನೆಗಳಲ್ಲಿ ಶ್ರಮ ಎಂದರೆ ಭಾರ ಎತ್ತುವುದು ಮಾತ್ರ. ಭೂತಗನ್ನಡಿಯ ಕೆಳಗೆ ಎಂಟು ಗಂಟೆ ಕಣ್ಣು ನೆಟ್ಟು ಗೀರು, ಬರ್ ಹುಡುಕುವುದು ಲೆಕ್ಕಕ್ಕೆ ಬರುವುದೇ ಇಲ್ಲ. ತಪಾಸಣೆ ಟೇಬಲ್‌ನಲ್ಲಿ ಹೆಚ್ಚಾಗಿ ಹೆಂಗಸರೇ ಇರುತ್ತಾರೆ. ಹೀಗಾಗಿ ಈ ಒಂದು ಕಣ್ತಪ್ಪಿನಿಂದಲೇ ಅವರ ಅಂಕ ಇಳಿದುಹೋಗುತ್ತದೆ. ಆದ್ದರಿಂದ ಶ್ರಮದ ಪ್ರತಿ ಮೆಟ್ಟಿಲಿಗೂ ಎರಡು ಸಾಲು ಬರೆಯಿರಿ: ಒಂದು ಮೈಯದು, ಇನ್ನೊಂದು ಕಣ್ಣು ಮತ್ತು ಗಮನದ್ದು. ಎರಡರಲ್ಲಿ ಯಾವುದು ಹೆಚ್ಚೋ ಆ ಮೆಟ್ಟಿಲು ಕೊಡಿ.

ಇನ್ನೊಂದು ಕಡೆಯೂ ತಕ್ಕಡಿ ವಾಲಬಹುದು. ಕೆಲವರು ಕೌಶಲವನ್ನು ಓದು, ಅನುಭವ, ತಾಂತ್ರಿಕ ತಿಳಿವಳಿಕೆ, ಕಂಪ್ಯೂಟರ್ ಬಳಕೆ ಎಂದು ನಾಲ್ಕು ಭಾಗ ಮಾಡಿ ಪ್ರತಿಯೊಂದಕ್ಕೂ ಬೇರೆ ಅಂಕ ಇಡುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ಒಂದೇ ಗುಣವನ್ನು ನಾಲ್ಕು ಸಲ ಎಣಿಸಿದಂತಾಗಿ ಆಫೀಸಿನ ಕೆಲಸಗಳೆಲ್ಲ ಮೇಲೆ ಹೋಗುತ್ತವೆ, ಶಾಪ್ ಫ್ಲೋರ್ ಕೆಳಗೆ ಉಳಿಯುತ್ತದೆ.

## ಅಂಕ ಕೊಡುವ ದಿನ

ಐದು ಜನ ಕೂರಲಿ: ಪ್ರೊಡಕ್ಷನ್, ಕ್ವಾಲಿಟಿ, ಅಕೌಂಟ್ಸ್, ಎಚ್‌ಆರ್ ನೋಡಿಕೊಳ್ಳುವವರು, ಮತ್ತು ಶಾಪ್ ಫ್ಲೋರ್‌ನ ಹಿರಿಯ ಕೆಲಸಗಾರರೊಬ್ಬರು. ಐವರಲ್ಲಿ ಕನಿಷ್ಠ ಇಬ್ಬರು ಹೆಂಗಸರು ಇದ್ದರೆ ಒಳ್ಳೆಯದು. ಮಾಲೀಕರು ಆ ದಿನ ಕೂರದಿರುವುದೇ ಮೇಲು. ಅವರು ಬಾಯಿ ಬಿಟ್ಟ ಮೇಲೆ ಉಳಿದವರ ಅಂಕ ಅವರ ಹಿಂದೆಯೇ ಹೋಗುತ್ತದೆ, ಅಲ್ವಾ?

ಹಾಳೆಯ ಮೇಲೆ ಯಾರ ಹೆಸರೂ ಬೇಡ, ಸಂಬಳವೂ ಬೇಡ. ಆದರೂ ಸಣ್ಣ ಜಾಗದಲ್ಲಿ ಸ್ಟೋರ್ ಕೀಪರ್ ಯಾರು ಎಂದು ಎಲ್ಲರಿಗೂ ಗೊತ್ತೇ ಇರುತ್ತದೆ. ಅದಕ್ಕೆ ಒಂದು ಉಪಾಯ ಇದೆ. ಒಂದು ಕೆಲಸ ತೆಗೆದುಕೊಂಡು ನಾಲ್ಕೂ ಅಂಶಕ್ಕೆ ಅಂಕ ಕೊಡಬೇಡಿ. ಒಂದು ಅಂಶ ತೆಗೆದುಕೊಂಡು ಹನ್ನೆರಡೂ ಕೆಲಸಕ್ಕೆ ಅಂಕ ಕೊಡಿ, ಆಮೇಲೆ ಮುಂದಿನ ಅಂಶಕ್ಕೆ ಹೋಗಿ. ಹೀಗೆ ಮಾಡಿದರೆ ಒಬ್ಬರ ಬಗ್ಗೆ ಇರುವ ಒಳ್ಳೆಯ, ಕೆಟ್ಟ ಅಭಿಪ್ರಾಯ ಎಲ್ಲ ಅಂಶಗಳಿಗೂ ಹರಡುವುದಿಲ್ಲ. ಒಟ್ಟು ಎಷ್ಟಾಯಿತು ಎಂಬುದು ಕೊನೆಯವರೆಗೆ ಯಾರಿಗೂ ಕಾಣುವುದಿಲ್ಲ.

ಮೊದಲು ಪ್ರತಿಯೊಬ್ಬರೂ ಮಾತಾಡದೆ ಬರೆಯಲಿ. ಆಮೇಲೆ ಎಲ್ಲ ಹಾಳೆ ಒಟ್ಟಿಗೆ ತೆರೆಯಿರಿ. ಒಂದು ಮೆಟ್ಟಿಲಿನ ಅಂತರ ಇದ್ದರೆ ಬೇಗ ಮುಗಿಯುತ್ತದೆ. ಎರಡು ಮೆಟ್ಟಿಲು ಅಂತರ ಇದ್ದರೆ ಸರಾಸರಿ ತೆಗೆಯಬೇಡಿ, ನಿಂತು ಮಾತಾಡಿ. ನಮ್ಮ ಉದಾಹರಣೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸದ ಶ್ರಮಕ್ಕೆ ಪ್ರೊಡಕ್ಷನ್‌ನವರು 2 ಬರೆದರು, ಕ್ವಾಲಿಟಿಯವರು 4. ಕೆಲಸದ ಪುಟವನ್ನು ಮತ್ತೆ ಓದಿದರೆ ಅಲ್ಲಿ "ಶಿಫ್ಟ್ ಪೂರ್ತಿ ಬಿಡದೆ ಗಮನ ಇಡಬೇಕು, ಎರಡು ಗಂಟೆಗೊಮ್ಮೆ ಬಿಡುವು" ಎಂದಿದೆ. ಅದು ಮೂರನೇ ಮೆಟ್ಟಿಲಿನ ಮಾತಿಗೆ ಸರಿಹೊಂದುತ್ತದೆ. 3 ಎಂದು ಎಲ್ಲರೂ ಒಪ್ಪಿದರು, ಕಾರಣವನ್ನು ಒಂದು ಸಾಲಿನಲ್ಲಿ ಪಕ್ಕಕ್ಕೆ ಬರೆದಿಟ್ಟರು. ಆ ಪಕ್ಕದ ಸಾಲು ಎರಡು ವರ್ಷದ ಮೇಲೆ ಯಾರಾದರೂ ಬಂದು ಕೇಳಿದಾಗ ಬೇಕಾಗುತ್ತದೆ.

ಕೊನೆಗೆ ಬಂದ ಅಂಕ ಮತ್ತು ಈಗಿನ ತಿಂಗಳ ಸಂಬಳ ಇವು. ಒಂದೇ ಕೆಲಸದಲ್ಲಿ ಹಲವರಿದ್ದರೆ ನಡುವಿನವರ ಸಂಬಳ ಹಾಕಿದೆ.

| ಕೆಲಸ | ಅಂಕ | ಈಗಿನ ಸಂಬಳ (ರೂ.) |
|---|---|---|
| ಪ್ಯಾಕಿಂಗ್ ಹೆಲ್ಪರ್ | 165 | 17,000 |
| ಸಿಎನ್‌ಸಿ ಆಪರೇಟರ್ | 235 | 22,000 |
| ಕ್ವಾಲಿಟಿ ಇನ್‌ಸ್ಪೆಕ್ಟರ್ | 250 | 18,500 |
| ಡಿಸ್‌ಪ್ಯಾಚ್ ನೋಡುವವರು | 250 | 23,000 |
| ಸ್ಟೋರ್ ಕೀಪರ್ | 260 | 26,000 |
| ಅಕೌಂಟ್ಸ್ ಅಸಿಸ್ಟೆಂಟ್ | 265 | 21,000 |
| ಪರ್ಚೇಸ್ ನೋಡುವವರು | 300 | 32,000 |
| ಸಿಎನ್‌ಸಿ ಸೆಟ್ಟರ್ | 310 | 30,000 |
| ಎಲೆಕ್ಟ್ರಿಷಿಯನ್ | 325 | 31,000 |
| ಕ್ವಾಲಿಟಿ ಇಂಜಿನಿಯರ್ | 365 | 40,000 |
| ಸೂಪರ್‌ವೈಸರ್ | 390 | 42,000 |
| ಪ್ರೊಡಕ್ಷನ್ ಮ್ಯಾನೇಜರ್ | 465 | 66,000 |

ಇನ್‌ಸ್ಪೆಕ್ಟರ್ ಸಾಲನ್ನು ಬಿಡಿಸಿ ನೋಡಿ: ಕೌಶಲ 2ನೇ ಮೆಟ್ಟಿಲು (80), ಜವಾಬ್ದಾರಿ 3 (105), ಶ್ರಮ 3 (45), ಪರಿಸರ 2 (20). ಒಟ್ಟು 250. ಡಿಸ್‌ಪ್ಯಾಚ್ ಕೆಲಸವೂ ಅಷ್ಟೇ ತೂಗುತ್ತದೆ. ಆದರೆ ಸಂಬಳದಲ್ಲಿ 4,500 ರೂಪಾಯಿ ಅಂತರ. ಇನ್‌ಸ್ಪೆಕ್ಟರ್‌ಗಳು ಆರು ಜನ, ಎಲ್ಲರೂ ಹೆಂಗಸರು, ಎಲ್ಲರೂ ಪ್ಯಾಕಿಂಗ್‌ನಿಂದ ಮೇಲೆ ಬಂದವರು. ಕೆಲಸ ಬದಲಾದರೂ ಸಂಬಳ ಮಾತ್ರ ಪ್ಯಾಕಿಂಗ್‌ನ ಹಾದಿಯಲ್ಲೇ ಉಳಿಯಿತು. ಇಂಥ ಅನ್ಯಾಯಕ್ಕೆ ಯಾರ ದುರುದ್ದೇಶವೂ ಬೇಕಾಗಿಲ್ಲ, ವರ್ಷವರ್ಷ ಶೇಕಡಾ ಲೆಕ್ಕದಲ್ಲಿ ಹೆಚ್ಚಳ ಕೊಡುತ್ತ ಹೋದರೆ ಸಾಕು.

## ಗ್ರೇಡ್‌ನ ಗೆರೆ ಎಲ್ಲಿ ಎಳೆಯುವುದು

ಅಂಕಗಳನ್ನು ಸಾಲಾಗಿ ಇಟ್ಟು ದೊಡ್ಡ ಖಾಲಿ ಜಾಗ ಎಲ್ಲಿದೆ ನೋಡಿ. 165 ಆದ ಮೇಲೆ 235. 265 ಆದ ಮೇಲೆ 300. 325 ಆದ ಮೇಲೆ 365. 390 ಆದ ಮೇಲೆ 465. ಗೆರೆಗಳು ಅಲ್ಲೇ ಬೀಳಲಿ: 200, 280, 345, 425. ಐದು ಗ್ರೇಡ್ ಆಯಿತು. ಅರವತ್ತು ಜನರಿಗೆ ಇದಕ್ಕಿಂತ ಜಾಸ್ತಿ ಬೇಡ. ಗ್ರೇಡ್ ಹೆಚ್ಚಾದಷ್ಟೂ ಎರಡು ಮೂರು ಅಂಕಕ್ಕೆ ಜಗಳ ಹೆಚ್ಚುತ್ತದೆ, ಆದರೆ ಈ ಅಳತೆ ಅಷ್ಟು ಸೂಕ್ಷ್ಮವಾದದ್ದಲ್ಲ. ಹತ್ತು ಹದಿನೈದು ಅಂಕದ ವ್ಯತ್ಯಾಸವನ್ನು ಒಂದೇ ತೂಕ ಎಂದೇ ನೋಡಬೇಕು.

ಗೆರೆ ಗಟ್ಟಿಯೇ ಎಂದು ಒಮ್ಮೆ ಅಲುಗಾಡಿಸಿ ನೋಡಿ. ಅಂಶಗಳ ತೂಕ ಬದಲಿಸಿ: ಕೌಶಲ 170, ಜವಾಬ್ದಾರಿ 150, ಶ್ರಮ 100, ಪರಿಸರ 80. ಆಗ ಇನ್‌ಸ್ಪೆಕ್ಟರ್ 250, ಅಕೌಂಟ್ಸ್ 248, ಆಪರೇಟರ್ 252, ಸ್ಟೋರ್ 266 ಆಗುತ್ತವೆ. ಎರಡನೇ ಗ್ರೇಡ್ ಹೆಚ್ಚುಕಡಿಮೆ ಒಟ್ಟಿಗೇ ಉಳಿಯಿತು, ಒಳ್ಳೆಯದು. ಆದರೆ ಪರ್ಚೇಸ್ 278ಕ್ಕೆ ಇಳಿಯುತ್ತದೆ, ಸ್ಟೋರ್‌ಗಿಂತ 12 ಅಂಕ ಮಾತ್ರ ಮುಂದೆ. ಅಂದರೆ ಆ ಕೆಲಸ ಗಡಿಯಲ್ಲಿದೆ. ಅದರ ಪುಟವನ್ನು ಮತ್ತೆ ತೆಗೆದು, ದರ ಮಾತಾಡಿ ಸಪ್ಲೈಯರ್ ಆರಿಸುವುದು ನಿಜವಾಗಿಯೂ ಅವರೇ ಮಾಡುತ್ತಾರೋ, ಇಲ್ಲ ಮಾಲೀಕರು ಆರಿಸಿದ ಮೇಲೆ ಬರೀ ಆರ್ಡರ್ ಟೈಪ್ ಮಾಡುತ್ತಾರೋ ಎಂದು ವಿಚಾರಿಸಿ. ಅವರೇ ಆರಿಸುತ್ತಾರೆ ಎಂದಾದರೆ ಮೂರನೇ ಗ್ರೇಡ್‌ನಲ್ಲೇ ಇರಲಿ.

## ಅಂಕದಿಂದ ಹಣಕ್ಕೆ

ಈಗ ಸಂಬಳ ಮತ್ತು ಅಂಕದ ನಡುವೆ ಒಂದು ಗೆರೆ ಹಾಯಿಸಬೇಕು. ಮೇಲೆ ಹೋದಂತೆ ಸಂಬಳ ಶೇಕಡಾ ಲೆಕ್ಕದಲ್ಲಿ ಏರುತ್ತದೆ, ಆದ್ದರಿಂದ ನೇರ ಗೆರೆಗಿಂತ ಬಾಗಿದ ಗೆರೆ ಸರಿ. ಅಂಕ B ಕಾಲಂನಲ್ಲಿ, ಸಂಬಳ C ಕಾಲಂನಲ್ಲಿ ಇದ್ದರೆ D2ರಲ್ಲಿ ಹೀಗೆ ಬರೆದು ಕೆಳಗೆ ಎಳೆಯಿರಿ:

```
=GROWTH($C$2:$C$13,$B$2:$B$13,B2)
```

ಆ ತೂಕದ ಕೆಲಸಕ್ಕೆ ಈ ಕಾರ್ಖಾನೆ ಸಾಮಾನ್ಯವಾಗಿ ಎಷ್ಟು ಕೊಡುತ್ತಿದೆ ಎಂದು ಇದು ಹೇಳುತ್ತದೆ. 250 ಅಂಕಕ್ಕೆ ಸುಮಾರು 22,700 ಬರುತ್ತದೆ. ಇನ್‌ಸ್ಪೆಕ್ಟರ್ ಅದಕ್ಕಿಂತ 4,200 ಕಡಿಮೆ ಇದ್ದಾರೆ. ಅಕೌಂಟ್ಸ್ ಅಸಿಸ್ಟೆಂಟ್ 3,400 ಕಡಿಮೆ. ಸ್ಟೋರ್ ಕೀಪರ್ 2,200 ಹೆಚ್ಚು.

ಇಲ್ಲಿಗೆ ನಿಲ್ಲಬೇಡಿ. ಈ ಗೆರೆಯೊಳಗೇ ಹಳೆಯ ಅನ್ಯಾಯ ಕೂತಿದೆ. ಇನ್‌ಸ್ಪೆಕ್ಟರ್‌ಗಳ ಕಡಿಮೆ ಸಂಬಳವನ್ನೂ ಸೇರಿಸಿ ಗೆರೆ ಎಳೆದಿದ್ದೇವೆ, ಅದು ಗೆರೆಯನ್ನೇ ಕೆಳಗೆ ಜಗ್ಗಿದೆ. ಇನ್‌ಸ್ಪೆಕ್ಟರ್ ಮತ್ತು ಅಕೌಂಟ್ಸ್ ಅಸಿಸ್ಟೆಂಟ್ ಎರಡು ಸಾಲು ತೆಗೆದು, ಉಳಿದ ಹತ್ತರ ಮೇಲೆ ಮತ್ತೆ ಎಳೆದು ನೋಡಿ. 250 ಅಂಕಕ್ಕೆ ಈಗ ಸುಮಾರು 23,900 ಬರುತ್ತದೆ. ಬರೀ ಎರಡು ಸಾಲಿಗೆ 1,200 ರೂಪಾಯಿ ಫರಕು. ಈ ಎರಡನೇ ಗೆರೆಯ ಮೇಲೆಯೇ ಬ್ಯಾಂಡ್ ಕಟ್ಟಬೇಕು. ಸಂಶಯ ಇರುವ ಸಾಲುಗಳನ್ನು ಯಾವ ಕಾರಣಕ್ಕೆ ತೆಗೆದಿರಿ ಎಂದೂ ಬರೆದಿಡಿ. ಮನಸ್ಸಿಗೆ ಬಂದಂತೆ ತೆಗೆದರೆ ಅದೂ ಒಂದು ಪಕ್ಷಪಾತವೇ. ಅಕ್ಕಪಕ್ಕದ ನಾಲ್ಕೈದು ಕಾರ್ಖಾನೆಯವರನ್ನು ಕೇಳಿ, ಎರಡನೇ ಗೆರೆ ಹೊರಗಿನ ದರಕ್ಕೆ ಹತ್ತಿರ ಇದೆಯೇ ಎಂದೂ ನೋಡಿಕೊಳ್ಳಿ.

ಎರಡನೇ ಗ್ರೇಡ್‌ನ ಮಧ್ಯದ ಸಂಬಳವನ್ನು 24,000 ಎಂದು ಇಡೋಣ. ಬ್ಯಾಂಡ್‌ನ ಗರಿಷ್ಠ ಕನಿಷ್ಠಕ್ಕಿಂತ ಶೇಕಡಾ 40 ಹೆಚ್ಚಿರಲಿ. ಕನಿಷ್ಠ ಬೇಕಾದರೆ ಮಧ್ಯವನ್ನು 1.2ರಿಂದ ಭಾಗಿಸಿ: 20,000. ಅದನ್ನು 1.4ರಿಂದ ಗುಣಿಸಿ: 28,000. ಮೂರನೇ ಗ್ರೇಡ್‌ಗೆ ಮಧ್ಯ 31,200, ಬ್ಯಾಂಡ್ 26,000ದಿಂದ 36,400. ನಾಲ್ಕನೆಯದಕ್ಕೆ ಮಧ್ಯ 42,000, ಬ್ಯಾಂಡ್ 35,000ದಿಂದ 49,000. ಐದರಲ್ಲಿ ಒಬ್ಬರೇ ಇದ್ದಾರೆ, ಅಲ್ಲಿ 62,000ದ ಸುತ್ತ ಶೇಕಡಾ 50ರ ಅಗಲ ಇಡಬಹುದು.

ಪಕ್ಕದ ಬ್ಯಾಂಡ್‌ಗಳು ಸ್ವಲ್ಪ ಒಂದರ ಮೇಲೊಂದು ಬರುವುದು ತಪ್ಪಲ್ಲ. ಹದಿನೈದು ವರ್ಷ ಪಳಗಿದ ಆಪರೇಟರ್ ನಿನ್ನೆ ಬಂದ ಸೆಟ್ಟರ್‌ಗಿಂತ ಹೆಚ್ಚು ಪಡೆಯುವುದು ನ್ಯಾಯವೇ. ಆದರೆ ಮೂರನೇ ಗ್ರೇಡ್‌ನ ಮಧ್ಯಕ್ಕೆ ಎರಡನೇ ಗ್ರೇಡ್‌ನ ಗರಿಷ್ಠ ಮುಟ್ಟಿದರೆ ಬ್ಯಾಂಡ್ ಅತಿ ಅಗಲವಾಗಿದೆ ಎಂದರ್ಥ. ಆಗ ಗ್ರೇಡ್ ಇದ್ದೂ ಇಲ್ಲದಂತೆ.

ಮೊದಲನೇ ಗ್ರೇಡ್‌ನಲ್ಲಿ ಗೆರೆಯ ಮಾತು ನಡೆಯುವುದಿಲ್ಲ, ಕನಿಷ್ಠ ವೇತನದ ಮಾತೇ ಕೊನೆ. ಮಹಾರಾಷ್ಟ್ರದಲ್ಲಿ ಕನಿಷ್ಠ ವೇತನಕ್ಕೆ ಸೇರುವ ವಿಶೇಷ ಭತ್ಯೆ ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈನಲ್ಲಿ, ಬದಲಾಗುತ್ತದೆ. ಬ್ಯಾಂಡ್‌ನ ಕನಿಷ್ಠವನ್ನು ಆಗಲೂ ಸಾಲುವಷ್ಟು ಮೇಲೆ ಇಡಿ. ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ ಹೊಸಬರ ಸಂಬಳ ಮೇಲೆ ಬಂದು ಹಳಬರಿಗೆ ಅಂಟಿಕೊಳ್ಳುತ್ತದೆ.

## ಜನರನ್ನು ಬ್ಯಾಂಡ್‌ನಲ್ಲಿ ಕೂರಿಸುವುದು

ತುಂಬ ಕಡೆ ಕೆಲಸ ಕೆಡುವುದು ಇಲ್ಲಿ. ಬ್ಯಾಂಡ್ 20,000ದಿಂದ 28,000 ಎಂದ ಮೇಲೆ, ಇನ್‌ಸ್ಪೆಕ್ಟರ್‌ಗಳನ್ನೆಲ್ಲ 20,000ಕ್ಕೆ ತಂದು ಆಯಿತು ಎನ್ನುತ್ತಾರೆ. ಆದರೆ ಏಳು ವರ್ಷದ ಇನ್‌ಸ್ಪೆಕ್ಟರ್ 20,000ದಲ್ಲಿ, ಮೂರು ವರ್ಷದ ಡಿಸ್‌ಪ್ಯಾಚ್‌ನವರು 23,000ದಲ್ಲಿ ಇದ್ದರೆ ಏನು ಸರಿಯಾಯಿತು? ಗ್ರೇಡ್ ಒಂದೇ ಆದರೆ ಬ್ಯಾಂಡ್‌ನೊಳಗೆ ಎಲ್ಲಿ ನಿಲ್ಲಬೇಕು ಎಂಬ ನಿಯಮವೂ ಒಂದೇ ಇರಬೇಕು.

ನಿಯಮ ಸರಳವಾಗಿರಲಿ. ಆ ಕೆಲಸದಲ್ಲಿ ಎರಡು ವರ್ಷದೊಳಗಿನವರು 20,000ದಿಂದ 22,000. ಎರಡರಿಂದ ಐದು ವರ್ಷ ಆಗಿ ಒಬ್ಬರೇ ನಿಭಾಯಿಸುವವರು 22,000ದಿಂದ 24,000. ಐದು ವರ್ಷ ದಾಟಿದವರು 24,000ದಿಂದ 26,000. ಅದರ ಮೇಲಿನ ಜಾಗ, ಹೊಸಬರಿಗೆ ಕಲಿಸುವ ಮತ್ತು ಇನ್ನೊಂದು ಕೆಲಸವನ್ನೂ ತಡೆಯಿಲ್ಲದೆ ಮಾಡಬಲ್ಲ ಕೆಲವರಿಗೆ ಮಾತ್ರ. ಹೊರಗಿನ ಅನುಭವವನ್ನೂ ಎಣಿಸಿ, ಆದರೆ ಅದೇ ಬಗೆಯ ಕೆಲಸದ್ದಾಗಿರಬೇಕು.

ಆರು ಇನ್‌ಸ್ಪೆಕ್ಟರ್‌ಗಳಲ್ಲಿ ಇಬ್ಬರು ಹೊಸಬರು, ಇಬ್ಬರು ನಡುವಿನವರು, ಇಬ್ಬರು ಐದು ವರ್ಷ ದಾಟಿದವರು ಎಂದುಕೊಳ್ಳಿ. ಎಲ್ಲರೂ ಸದ್ಯ 18,500ದ ಹತ್ತಿರ. ಅವರವರ ಜಾಗದ ಕೆಳತುದಿಗೆ ತಂದರೆ 1,500, 3,500, 5,500 ಹೆಚ್ಚಳ, ತಲಾ ಇಬ್ಬರಿಗೆ. ಒಟ್ಟು ತಿಂಗಳಿಗೆ 21,000. ನಾಲ್ಕು ವರ್ಷ ಆಗಿರುವ ಅಕೌಂಟ್ಸ್ ಅಸಿಸ್ಟೆಂಟ್‌ಗೆ 23,000 ಮಾಡಿದರೆ ಇನ್ನೂ 2,000. ಒಟ್ಟು 23,000, ಅಂದರೆ 15 ಲಕ್ಷದ ಸಂಬಳಪಟ್ಟಿಯಲ್ಲಿ ಸುಮಾರು ಶೇಕಡಾ ಒಂದೂವರೆ. ಪಿಎಫ್ ಮುಂತಾದ ಕಂತುಗಳು ಬೇರೆ. ಮಾಲೀಕರ ಮುಂದೆ ಈ ಅಂಕಿ ಮೊದಲು ಇಡಿ. "ಎಲ್ಲರ ಪಗಾರ ಏರಿಸಬೇಕಾಗುತ್ತದೆ" ಎಂಬ ಭಯ ಅರ್ಧ ಅಲ್ಲೇ ಇಳಿಯುತ್ತದೆ.

ಒಂದೇ ಸಲ ಆಗದಿದ್ದರೆ ಎರಡು ಕಂತು ಮಾಡಬಹುದು, ಬ್ಯಾಂಡ್‌ನ ಕನಿಷ್ಠಕ್ಕಿಂತ ಕೆಳಗೆ ಮಾತ್ರ ಯಾರನ್ನೂ ಬಿಡಬೇಡಿ. ಆದರೆ ಅದೇ ಕೆಲಸ ಮಾಡುವ ಗಂಡಸರಿಗೆ ಹೆಚ್ಚು, ಹೆಂಗಸರಿಗೆ ಕಡಿಮೆ ಎಂದು ಕಂಡರೆ ಕಂತಿನ ಮಾತೇ ಇಲ್ಲ, ಕೂಡಲೇ ಸರಿಪಡಿಸಬೇಕು. ಹೋಲಿಸುವಾಗ ಬೇಸಿಕ್ ಒಂದನ್ನೇ ನೋಡಿದರೆ ಸಾಲದು. ಸಮಾನ ವೇತನದ ಲೆಕ್ಕಕ್ಕೆ ಮನೆ ಬಾಡಿಗೆ, ಪ್ರಯಾಣ ಭತ್ಯೆ, ಓವರ್‌ಟೈಮ್ ಕೂಡ ಸೇರುತ್ತವೆ ಎಂದು ಸಂಹಿತೆ ಹೇಳುತ್ತದೆ. ಬೇಸಿಕ್ ಒಂದೇ ಇಟ್ಟು ಭತ್ಯೆಯಲ್ಲಿ ವ್ಯತ್ಯಾಸ ಮಾಡುವ ದಾರಿ ಅಲ್ಲಿ ಮುಚ್ಚಿದೆ.

ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ. ಇಎಸ್‌ಐ ಮಿತಿ ತಿಂಗಳಿಗೆ 21,000. ನಮ್ಮ ನಾಲ್ವರು ಇನ್‌ಸ್ಪೆಕ್ಟರ್‌ಗಳು ಈ ಹೆಚ್ಚಳದಿಂದ ಅದನ್ನು ದಾಟುತ್ತಾರೆ. ಕೊಡುಗೆ ಅವಧಿಯ ನಡುವೆ ದಾಟಿದರೆ ಆ ಅವಧಿ ಮುಗಿಯುವ ತನಕ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯವರೆಗೆ, ಕಂತು ಸಾಗುತ್ತದೆ. ಆಮೇಲೆ ಹೊರಗೆ. ಮನೆಯವರ ಆಸ್ಪತ್ರೆ ಖರ್ಚು ಇಎಸ್‌ಐ ಮೇಲೆ ನಿಂತಿರುವ ಕುಟುಂಬಕ್ಕೆ ಇದು ದೊಡ್ಡ ಹೊಡೆತ. ಆದ್ದರಿಂದ ಹೆಚ್ಚಳದ ಪತ್ರ ಕೊಡುವ ಮೊದಲೇ ಗ್ರೂಪ್ ಮೆಡಿಕ್ಲೈಮ್ ಮಾತಾಡಿಡಿ, ಅವರ ಜೊತೆ ಕೂತು ಲೆಕ್ಕ ತೋರಿಸಿ.

ಬ್ಯಾಂಡ್‌ನ ಮೇಲೆ ಇರುವವರೂ ಸಿಗುತ್ತಾರೆ. 29,500 ಪಡೆಯುವ ಹಿರಿಯ ಆಪರೇಟರ್ ಒಬ್ಬರಿದ್ದಾರೆ ಎನ್ನಿ. ಅವರ ಸಂಬಳಕ್ಕೆ ಕೈ ಹಾಕಬೇಡಿ. ಸಮಾನ ಮಾಡುವ ನೆಪದಲ್ಲಿ ಯಾರ ಸಂಬಳವನ್ನೂ ಇಳಿಸುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಮೊದಲು ಅವರು ಸೆಟ್ಟಿಂಗ್ ಮಾಡುತ್ತಾರೋ ನೋಡಿ. ಮಾಡುತ್ತಿದ್ದರೆ ಅವರ ನಿಜವಾದ ಗ್ರೇಡ್ ಮೂರನೆಯದು, ಅಲ್ಲಿ 29,500 ಸರಿಯಾಗಿಯೇ ಕೂರುತ್ತದೆ. ಇಲ್ಲವಾದರೆ ಬ್ಯಾಂಡ್ ಅವರನ್ನು ಮುಟ್ಟುವ ತನಕ ವರ್ಷದ ಹೆಚ್ಚಳವನ್ನು ಒಂದೇ ಗಂಟಾಗಿ ಕೊಡಿ, ತಿಂಗಳ ಸಂಬಳಕ್ಕೆ ಸೇರಿಸಬೇಡಿ.

ಕಾರ್ಮಿಕರ ವರ್ಗದಲ್ಲಿ ಗ್ರೇಡ್ ವಿಂಗಡಣೆ ಬದಲಾಗುವಾಗ 21 ದಿನ ಮೊದಲು ನೋಟಿಸ್ ಕೊಡುವ ನಿಯಮ ಇದೆ. ಸಲಹೆ ಕೊಡುವ ವಕೀಲರಿಗೆ ಕರಡು ತೋರಿಸಿಯೇ ಹಚ್ಚಿ. ಪ್ರತಿಯೊಬ್ಬರಿಗೂ ಅವರ ಗ್ರೇಡ್, ಆ ಗ್ರೇಡ್‌ನ ಬ್ಯಾಂಡ್, ಮತ್ತು ಅವರು ಎಲ್ಲಿದ್ದಾರೆ ಎಂಬ ಮೂರು ಸಂಗತಿ ಬರೆದು ಕೊಡಿ. ಪಕ್ಕದವರ ಸಂಬಳ ಹೇಳಬೇಕಿಲ್ಲ. "ನನ್ನ ಕೆಲಸ ಯಾಕೆ ಎರಡನೇ ಗ್ರೇಡ್ ಸರ್?" ಎಂದು ಕೇಳಿದವರಿಗೆ ಕೆಲಸದ ಪುಟ ತೆಗೆದು ಅಂಕ ತೋರಿಸಿ. ಪುಟದಲ್ಲಿ ಏನೋ ಬಿಟ್ಟುಹೋಗಿದೆ ಎಂದು ಅವರು ತೋರಿಸಿಕೊಟ್ಟರೆ ಮತ್ತೆ ಅಂಕ ಹಾಕಿ.

## ಆಮೇಲೆ ಏನು ನೋಡುತ್ತಿರಬೇಕು

ಬ್ಯಾಂಡ್ ಸಡಿಲವಾಗುವುದು ಹೊಸ ನೇಮಕದಲ್ಲಿ. ಚಾಕಣ್, ತಳೇಗಾಂವ್ ಕಡೆ ದೊಡ್ಡ ಕಂಪನಿಗಳು ಜನ ಸೇರಿಸಿಕೊಳ್ಳುವಾಗ ಸೆಟ್ಟರ್ ಸಿಗುವುದೇ ಕಷ್ಟ. ಎರಡು ವರ್ಷದ ಅನುಭವದವರು 34,000 ಕೇಳುತ್ತಾರೆ, ನಿಮ್ಮಲ್ಲಿ ಆರು ವರ್ಷದವರು 31,000ದಲ್ಲಿ ಇದ್ದಾರೆ. ಹಳೆಯ ಸಂಬಳದ ಸ್ಲಿಪ್ ಕೇಳಿ ಅದರ ಮೇಲೆ ಶೇಕಡಾ ಇಷ್ಟು ಎಂದು ಕೊಡುವ ರೂಢಿ ಬಿಡಿ. ಅವರ ಅನುಭವ ಬ್ಯಾಂಡ್‌ನಲ್ಲಿ ಎಲ್ಲಿ ಬೀಳುತ್ತದೋ ಅಷ್ಟೇ ಸಂಬಳ. ಆ ದರಕ್ಕೆ ನಿಜವಾಗಿಯೂ ಜನ ಸಿಗದಿದ್ದರೆ, ಹೆಚ್ಚಿನದನ್ನು "ಮಾರುಕಟ್ಟೆ ಭತ್ಯೆ" ಎಂದು ಬೇರೆ ಸಾಲಿನಲ್ಲಿ ಇಡಿ, ಅದೇ ಕೆಲಸದ ಹಳಬರಿಗೂ ಕೊಡಿ, ಹನ್ನೆರಡು ತಿಂಗಳಿಗೆ ಮತ್ತೆ ನೋಡುವ ದಿನಾಂಕ ಹಾಕಿ. ಭತ್ಯೆ ಒಬ್ಬರಿಗೇ ಕೊಟ್ಟರೆ ಮತ್ತೆ ಹಳೆಯ ಕಥೆಯೇ ಶುರು.

ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಸಂಬಳವನ್ನು ಅವರ ಗ್ರೇಡ್‌ನ ಮಧ್ಯದಿಂದ ಭಾಗಿಸಿ. 22,000ವನ್ನು 24,000ದಿಂದ ಭಾಗಿಸಿದರೆ 0.92. ಈ ಸಂಖ್ಯೆಗಳ ಸರಾಸರಿಯನ್ನು ಪ್ರತಿ ಗ್ರೇಡ್‌ನಲ್ಲಿ ಹೆಂಗಸರಿಗೆ, ಗಂಡಸರಿಗೆ ಬೇರೆ ಬೇರೆ ತೆಗೆಯಿರಿ. ಒಂದು ಕಡೆ 0.90, ಇನ್ನೊಂದು ಕಡೆ 1.02 ಬಂದರೆ ಅನುಭವದ ವರ್ಷಗಳಿಂದ ಆ ಅಂತರ ವಿವರಿಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ಹೆಸರು ಹೆಸರಾಗಿ ಹುಡುಕಬೇಕು. ಹಾಗೆಯೇ ಹಳಬರು, ಕಳೆದ ವರ್ಷ ಸೇರಿದವರು ಎಂದು ಬೇರೆ ಮಾಡಿಯೂ ನೋಡಿ. ಜನ ಕಡಿಮೆ ಇರುವ ಗ್ರೇಡ್‌ನಲ್ಲಿ ಸರಾಸರಿಯನ್ನು ನಂಬುವಂತಿಲ್ಲ, ಅಲ್ಲಿ ಒಬ್ಬೊಬ್ಬರನ್ನೇ ನೋಡುವುದು ಸರಿ.

ಕೆಲಸವೇ ಬದಲಾದರೆ ಅಂಕವೂ ಬದಲಾಗಬೇಕು. ಕಾರ್ಖಾನೆಗೆ ಭಾಗಗಳ ಅಳತೆಯನ್ನು ಸೂಕ್ಷ್ಮವಾಗಿ ತೆಗೆಯುವ ಸಿಎಂಎಂ ಯಂತ್ರ ಬಂದು, ಇನ್‌ಸ್ಪೆಕ್ಟರ್‌ಗಳಲ್ಲಿ ಇಬ್ಬರು ಅದರಲ್ಲಿ ಪ್ರೋಗ್ರಾಂ ಬರೆದು ಅಳೆಯಲು ಕಲಿತರು ಎನ್ನಿ. ಕೌಶಲ ಎರಡರಿಂದ ಮೂರನೇ ಮೆಟ್ಟಿಲಿಗೆ ಏರುತ್ತದೆ, ಒಟ್ಟು 290 ಆಗುತ್ತದೆ, 280ರ ಗೆರೆ ದಾಟಿ ಮೂರನೇ ಗ್ರೇಡ್. ಅಲ್ಲಿನ ಕನಿಷ್ಠ 26,000. ಯಂತ್ರದ ಆರ್ಡರ್ ಹಾಕುವ ದಿನವೇ ಮೂರು ವಿಷಯ ಬರೆದಿಡಿ: ಯಾರಿಗೆ ತರಬೇತಿ, ಯಾವ ಪರೀಕ್ಷೆ ಪಾಸಾದರೆ ಹೊಸ ಕೆಲಸ ಶುರುವಾಯಿತು ಎಂದು ಲೆಕ್ಕ, ಮತ್ತು ಹೊಸ ಸಂಬಳ ಯಾವ ತಿಂಗಳಿಂದ. ತರಬೇತಿಗೆ ಆರಿಸುವಾಗ ಆರೂ ಜನರಿಗೆ ಅವಕಾಶ ಇದೆ ಎಂದು ನೋಟಿಸ್ ಬೋರ್ಡ್‌ನಲ್ಲಿ ಹಾಕಿ, ಅರ್ಜಿ ತೆಗೆದುಕೊಳ್ಳಿ.